‘12 ಗಂಟೆ ಆಪ್ ಮುಟ್ಟಬೇಡಿ’ ಅನ್ನೋ ಫಾರ್ವರ್ಡು

(ಗುಂಪು: ಕಾಲೇಜ್ ಕಟ್ಟೆ, 98ರ ಬ್ಯಾಚ್)

ಗಿರೀಶ: [ಫಾರ್ವರ್ಡ್] ಎಕ್ಸ್ ಖಾತೆ ಲಾಕ್ ಆದರೆ ಗಾಬರಿ ಬೇಡ. 12 ಗಂಟೆ ಆಪ್ ಮುಟ್ಟಬೇಡಿ, ತಾನೇ ತೆರೆಯುತ್ತದೆ. ಎಲ್ಲರಿಗೂ ಕಳಿಸಿ.

ಸವಿತಾ: ಇದನ್ನ ನಂಬಿದವರು ಹನ್ನೆರಡು ದಿನ ಕೂತರೂ ಲಾಕ್ ಹಾಗೇ ಇರುತ್ತೆ. ಡಿಲೀಟ್ ಮಾಡೋ ಹೊತ್ತಿಗೆ ಗಡಿಯಾರ ಶುರುವಾಗೋದು, ಲಾಕ್ ಆದ ಹೊತ್ತಿಗಲ್ಲ.

ಗಿರೀಶ: ಪರದೆ ಮೇಲೆ 12 ಗಂಟೆ 0 ನಿಮಿಷ ಅಂತ ಬರೆದೇ ಇರುತ್ತಲ್ಲೇ?

ಸವಿತಾ: ಅದರ ಕೆಳಗಿನ ಸಾಲು ಓದು. ಫೋನ್ ಅಥವಾ ಇಮೇಲ್ ದೃಢಪಡಿಸಿ, ನಿಯಮ ಮೀರಿದ ಪೋಸ್ಟ್ ತೆಗೆದ ಮೇಲೆ ಎಣಿಕೆ ಶುರು ಅಂತಿರುತ್ತೆ. ‘0 ನಿಮಿಷ’ ಕದಲದೆ ನಿಂತಿದ್ರೆ ಇನ್ನೂ ಶುರುವಾಗಿಲ್ಲ ಅಂತಲೇ ಅರ್ಥ. ಒಂದು ಗಂಟೆ ಬಿಟ್ಟು ನೋಡಿ, 11ಕ್ಕೆ ಇಳಿದಿಲ್ಲ ಅಂದ್ರೆ ಖಚಿತ.

ನಾಗರಾಜ: ಲೆಕ್ಕ ಹೀಗಿದೆ ಗಿರಿ. ಬೆಳಿಗ್ಗೆ 7ಕ್ಕೆ ಲಾಕ್ ಮೇಲ್ ಬಂತು ಅಂದ್ಕೋ, ಎರಡು ಪೋಸ್ಟ್ ಮೇಲೆ ಆಕ್ಷೇಪ. ರಾತ್ರಿ 9ಕ್ಕೆ ಒಂದು ತೆಗೆದೆ, ಇನ್ನೊಂದನ್ನ 10:30ಕ್ಕೆ. ಬಿಡುಗಡೆ ಮಾರನೇ ದಿನ ಬೆಳಿಗ್ಗೆ 10:30ಕ್ಕೆ. ಬೆಳಿಗ್ಗೆಯಿಂದ ಕಾದಿದ್ದು ನೀರಲ್ಲಿ ಹೋಮ. ಒಂದು ಉಳಿದಿದ್ರೂ ಎಣಿಕೆ ಶುರುವಾಗಲ್ಲ.

ಶಶಿ: ಪ್ರೊಫೈಲಿಗೆ ಹೋಗಿ ತೆಗೆಯೋಕೆ ಬಿಡಲ್ವಾ?

ಸವಿತಾ: ಲಾಕ್ ಪರದೆಯ ದಾರೀಲೇ ಹೋಗ್ಬೇಕು. Start ಒತ್ತಿ, ಕೋಡ್ ಹಾಕು, ಪೋಸ್ಟ್‌ಗಳು ಬರುತ್ವೆ, ಒಂದೊಂದಕ್ಕೂ Remove. ಕೊನೆಗೆ Continue to X. ಜನ ಎಡವೋದು ಕೋಡ್ ಹತ್ರ. ಯಾವತ್ತೋ ಬಿಟ್ಟ ನಂಬರ್ ಖಾತೇಲಿ ಉಳಿದಿರುತ್ತೆ, ಕೋಡ್ ಅದಕ್ಕೆ ಹೋಗುತ್ತೆ. ಅಲ್ಲಿ ನಿಂತರೆ Remove ಗುಂಡೀನೇ ಕಾಣಲ್ಲ.

ನಾಗರಾಜ: ಅವಧಿ 12 ಗಂಟೆಯೇ ಅಂತಲೂ ಇಲ್ಲ. ತಪ್ಪು ಎಷ್ಟು ದೊಡ್ಡದು ಅನ್ನೋದರ ಮೇಲೆ 7 ದಿನದವರೆಗೂ ಹೋಗುತ್ತೆ. ಅಷ್ಟೂ ಹೊತ್ತು ಓದಬಹುದು, ಫಾಲೋವರ್‌ಗಳಿಗೆ ಮಾತ್ರ ಡಿಎಂ ಕಳಿಸಬಹುದು. ಪೋಸ್ಟ್, ರೀಪೋಸ್ಟ್, ಲೈಕ್ ಇಲ್ಲ. ನಿನ್ನ ಹಳೇ ಪೋಸ್ಟ್‌ಗಳು ಮಿಕ್ಕವರಿಗೆ ಕಾಣ್ತಾನೇ ಇರುತ್ವೆ, ಅದಕ್ಕೇ ಎಷ್ಟೋ ಸಲ ಹೊರಗಿನವರಿಗೆ ಗೊತ್ತೇ ಆಗಲ್ಲ.

ಗಿರೀಶ: ಸರಿ, ಆದರೆ ಡಿಲೀಟ್ ಮಾಡಿದ್ರೆ ತಪ್ಪು ಒಪ್ಕೊಂಡ ಹಾಗಲ್ವಾ? ಅಪೀಲ್ ಹಾಕೋದಪ್ಪ!

ಸವಿತಾ: ಹಾಕು, ಆದರೆ ಅಪೀಲ್ ಇತ್ಯರ್ಥ ಆಗೋವರೆಗೂ ಖಾತೆ ಲಾಕೇ, ಎಣಿಕೆಯೂ ಶುರುವಾಗಲ್ಲ. ಸೋತರೆ ಆಮೇಲೂ ಡಿಲೀಟ್ ಮಾಡಿ 12 ಗಂಟೆ ಕಾಯಬೇಕು. ಬೇಗ ಖಾತೆ ಬೇಕು ಅನ್ನೋರಿಗೆ ಅಪೀಲ್ ಅತಿ ನಿಧಾನದ ದಾರಿ.

ಶಶಿ: ಹಾಗಂತ ಅಪೀಲೇ ದಂಡ ಅನ್ಬೇಡ ಸವಿ. 2021ರ ಆಗಸ್ಟಲ್ಲಿ ರಾಹುಲ್ ಗಾಂಧಿ ಖಾತೆ ಲಾಕ್ ಆಗಿದ್ದು ದೆಹಲಿಯ ಸಂತ್ರಸ್ತ ಬಾಲಕಿಯ ಪೋಷಕರ ಜೊತೆಗಿನ ಫೋಟೋ ಹಾಕಿದ್ದಕ್ಕೆ. ಫೋಟೋ ಬಳಸೋಕೆ ಪೋಷಕರ ಒಪ್ಪಿಗೆ ಪತ್ರ ಕೊಟ್ಟು ಅಪೀಲ್ ದಾರೀಲೇ ಹೋದ್ರು, 14ಕ್ಕೆ ಖಾತೆ ತೆರೀತು. ಕೈಲಿ ಕಾಗದ ಇದ್ರೆ ಅಪೀಲ್ ಸರಿ. ‘ನಾನು ಹೇಳಿದ್ದು ತಮಾಷೆಗೆ’ ಅಂತ ಹೋಗೋದಾದ್ರೆ ಬೇಡ.

ನಾಗರಾಜ: ಅಪೀಲೂ ಬೇಡ, ಡಿಲೀಟೂ ಬೇಡ ಅಂತ ಕೂತವರೂ ಇದ್ದಾರೆ. ನ್ಯೂಯಾರ್ಕ್ ಪೋಸ್ಟ್ ಪತ್ರಿಕೆ ಖಾತೆ 2020ರ ಅಕ್ಟೋಬರ್ 14ಕ್ಕೆ ಲಾಕ್ ಆಯ್ತು. ಟ್ವೀಟ್ ತೆಗೆಯಲ್ಲ ಅಂದ್ರು. ಅಕ್ಟೋಬರ್ 30ರವರೆಗೆ ಹಾಗೇ ಇತ್ತು, ಟ್ವಿಟರ್ ತನ್ನ ನಿಯಮವನ್ನೇ ಬದಲಿಸಿ ತೆರೆಯಬೇಕಾಯ್ತು. ದೊಡ್ಡ ಪತ್ರಿಕೆ, ನಡೀತು. ನಮ್ಮಂಥವರು ಹಾಗೆ ಕೂತರೆ ಕೇಳೋರಿಲ್ಲ.

ಸವಿತಾ: ಟ್ರಂಪ್ ಕೇಸ್ ಇನ್ನೂ ಸ್ಪಷ್ಟ. 2021 ಜನವರಿ 6ಕ್ಕೆ ಟ್ವಿಟರ್ ಹೇಳಿದ್ದು: ಮೂರು ಟ್ವೀಟ್ ತೆಗೆದ ನಂತರ 12 ಗಂಟೆ ಲಾಕ್, ತೆಗೆಯದಿದ್ದರೆ ಲಾಕ್ ಮುಂದುವರಿಯುತ್ತೆ. ತೆಗೆದ್ರು, 7ಕ್ಕೆ ವಾಪಸ್ ಬಂದು ವಿಡಿಯೋ ಹಾಕಿದ್ರು. ಮಾರನೇ ದಿನ ಶಾಶ್ವತ ಅಮಾನತು ಅಂತ ಘೋಷಿಸಿದ್ರು, 2022ರ ನವೆಂಬರ್‌ವರೆಗೂ ಹಾಗೇ ಇತ್ತು. ಅವಧಿ ಮುಗಿದರೆ ಹಳೇದೆಲ್ಲ ಮಾಫಿ ಅಂತ ಅಲ್ಲ.

ಗಿರೀಶ: ತೆಗೆದ ಟ್ವೀಟ್ ಜಾಗದಲ್ಲಿ ಏನೂ ಉಳಿಯಲ್ವಾ?

ನಾಗರಾಜ: ನಿಯಮ ಮೀರಿದ್ದಕ್ಕೆ ಇಲ್ಲ ಅನ್ನೋ ಸೂಚನೆ 14 ದಿನ ಇರುತ್ತೆ. ಮರ್ಯಾದೆ ಹೋಗೋದು ಅಲ್ಲೇ. ತೆಗೆಯೋ ಮೊದಲು ಸ್ಕ್ರೀನ್‌ಶಾಟ್ ಇಟ್ಕೋ, ಮುಂದೆ ಯಾವುದಕ್ಕೆ ಆಕ್ಷೇಪ ಬಂತು ಅಂತ ನೋಡೋಕೆ ಬೇಕಾಗುತ್ತೆ.

ಶಶಿ: ಮತ್ತೆ ಲಾಕ್ ಇದ್ದಾಗ ಹೊಸ ಖಾತೆ ತೆರೀಬೇಡಿ. ಶಿಕ್ಷೆ ತಪ್ಪಿಸ್ಕೊಳ್ಳೋಕೆ ಅಂತ ಅದೂ ಹೋಗುತ್ತೆ.

ಗಿರೀಶ: ಫಾರ್ವರ್ಡ್ ಡಿಲೀಟ್ ಮಾಡ್ತೀನಿ ಬಿಡ್ರೋ.

ಸವಿತಾ: ಬೇಡ, ಇರಲಿ. ಕೆಳಗೆ ನಾಗನ ಲೆಕ್ಕ ಇದೆಯಲ್ಲ, ಅದನ್ನ ಪಿನ್ ಮಾಡು.