ಸಹಾಯ ಬೇಕು: ಓಟ ಮೊದಲೋ, ಸ್ಕ್ವಾಟ್ ಮೊದಲೋ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿದ್ದೀನಿ, ವಯಸ್ಸು 38. ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ 5 ಕಿ.ಮೀ. ಓಡಿ ನೇರ ಜಿಮ್‌ಗೆ ಹೋಗ್ತೀನಿ. ದಮ್ಮಿನ ಚಿಂತೆ ಇಲ್ಲ. ಮಾತಾಡ್ತಾನೇ ಓಡೋಕಾಗತ್ತೆ, ಅಂದ್ರೆ ಏರೋಬಿಕ್ ಮಿತಿಯೊಳಗೇ ಇದ್ದೀನಿ ಅಂತ ಲೆಕ್ಕ.

ತೊಂದರೆ ಇರೋದು ತೊಡೆಯ ಬಲದಲ್ಲಿ. ಓಡದ ದಿನ 60 ಕೆಜಿ ಹೊತ್ತು 8 ಸ್ಕ್ವಾಟ್ ಆರಾಮಾಗಿ ಆಗುತ್ತೆ. ಓಡಿ ಬಂದ ದಿನ 5ಕ್ಕೇ ಕಾಲು ನಡುಗುತ್ತೆ. ಭಾರ ಎತ್ತೋ ಆ ಅರ್ಧ ನಿಮಿಷ ಸ್ನಾಯು ಆಮ್ಲಜನಕಕ್ಕೆ ಕಾಯೋದಿಲ್ಲ. ಒಳಗೆ ಕೂಡಿಟ್ಟ ಫಾಸ್ಫೋಕ್ರಿಯೇಟಿನ್, ಗ್ಲೈಕೋಜನ್‌ನಲ್ಲೇ ಹೆಚ್ಚಾಗಿ ಕೆಲಸ ಮುಗಿಸುತ್ತೆ. ಓಟ ಆ ಗ್ಲೈಕೋಜನ್ನನ್ನೇ ಒಂದಷ್ಟು ಖರ್ಚು ಮಾಡಿರುತ್ತೆ, ಕಾಲೂ ದಣಿದಿರುತ್ತೆ. ಪ್ರತಿ ಸಲ ಹೀಗೆ ಕಡಿಮೆ ಎತ್ತಿದ್ರೆ ಸ್ನಾಯು ಬೆಳೆಯೋಕೆ ಬೇಕಾದ ಒತ್ತಡ ಸಿಗಲ್ಲ.

ಬೆಳಿಗ್ಗೆ ಸ್ಕ್ವಾಟ್, ಆರು ಗಂಟೆಗೂ ಹೆಚ್ಚು ಬಿಟ್ಟು ಸಂಜೆ ಓಟ ಅಂದ್ರೆ ಒಳ್ಳೇದೇ. ಆದ್ರೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರೋಷ್ಟರಲ್ಲಿ ಎಂಟೂವರೆ, ಇನ್ನೆಲ್ಲಿ ಓಡೋದು!

ಒಂದೇ ಬೆಳಿಗ್ಗೆ ಸ್ಕ್ವಾಟ್ ಮುಗಿಸಿ ಆಮೇಲೆ ಓಡೋರು ಯಾರಾದ್ರೂ ಇದ್ದೀರಾ? ಆಗ 20 ನಿಮಿಷ ಮೆಲ್ಲಗೆ ಓಡಿದ್ರೆ ದಮ್ಮು ಉಳಿಯುತ್ತಾ, ಇಲ್ಲ ಎರಡನ್ನೂ ಬೇರೆ ಬೇರೆ ದಿನಕ್ಕೆ ಹಾಕ್ಲಾ? ಮಂಡಿ ನೋವಿಲ್ಲ, ತೂಕ ಇಳಿಸೋದೂ ಬೇಕಾಗಿಲ್ಲ.