ಅಪ್ಪಯ್ಯನ ಕಿರ್ದಿ ಒಂದೇ ಕಾಲಂಗೆ

"ಚಿಕ್ಕಪ್ಪಾ, ಅಜ್ಜನ ಲೆಕ್ಕದ ಪುಸ್ತಕ ಎಕ್ಸೆಲ್‌ಗೆ ಹಾಕ್ತಾ ಇದ್ದೀನಿ. ಎರಡು ಕಡೆ ಇರೋದನ್ನ ಒಂದೇ ಮೊತ್ತದ ಕಾಲಂ ಮಾಡಬೇಕು. ಯಾವುದಕ್ಕೆ ಮೈನಸ್ ಹಾಕಲಿ? ಹಳೇ ಪುಸ್ತಕದಲ್ಲಿ ಎಡಗಡೆ ಜಮಾ ಅಂತಿದೆ, ಆಮೇಲಿನ ಪ್ರಿಂಟ್ ಪುಸ್ತಕದಲ್ಲಿ ಅದೇ ಎಡಗಡೆ ಡೆಬಿಟ್ ಅಂತಿದೆ. ಪಾಸ್‌ಬುಕ್‌ನಲ್ಲಿ ಡೆಬಿಟ್ ಅಂದ್ರೆ ದುಡ್ಡು ಹೋದದ್ದು ತಾನೇ?"

ಕೂಸೇ, ಹಂಚಿನ ಮೇಲೆ ಮಳೆ ಸದ್ದು ಎಷ್ಟಿದೆ ಅಂದರೆ ವಾಯ್ಸ್ ಮೆಸೇಜು ಹಾಕಿದರೆ ನಿನಗೆ ಮಳೆ ಮಾತ್ರ ಕೇಳಿಸುತ್ತದೆ. ಅದಕ್ಕೇ ಬರೆದೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಗ್ರೂಪಿನ ಉಳಿದವರು ಬೈಕೊಳ್ಳಬೇಡಿ.

ಮೊದಲು ಕಾಲಂ ತಲೆಯ ಮೇಲೆ ಬರೆದ ಹೆಸರನ್ನು ಮರೆತುಬಿಡು. ಅಪ್ಪಯ್ಯನ ದುಡ್ಡಿನ ಪೆಟ್ಟಿಗೆ ನೆನಪಿಟ್ಟುಕೋ. ಪೆಟ್ಟಿಗೆಗೆ ಬಂದದ್ದು ಪ್ಲಸ್, ಪೆಟ್ಟಿಗೆಯಿಂದ ಹೋದದ್ದು ಮೈನಸ್. ಎರಡೂ ಪುಸ್ತಕದಲ್ಲಿ ಎಡಗಡೆ ಇರುವುದು ಪೆಟ್ಟಿಗೆಗೆ ಬಂದದ್ದೇ. ಹೆಸರು ಮಾತ್ರ ಬೇರೆ. ನಮ್ಮ ಹಳೇ ಕಿರ್ದಿಯಲ್ಲಿ ಬಂದ ದುಡ್ಡಿಗೆ ಜಮಾ ಅಂತ ಬರೆಯುತ್ತಿದ್ದರು. ಇಂಗ್ಲಿಷ್ ಪದ್ಧತಿಯ ಕ್ಯಾಶ್ ಬುಕ್ಕಿನಲ್ಲಿ ನಗದು ನಮ್ಮ ಆಸ್ತಿ, ಆಸ್ತಿ ಜಾಸ್ತಿಯಾದರೆ ಡೆಬಿಟ್. ಹಾಗಾಗಿ ಅದೇ ಜಾಗಕ್ಕೆ ಡೆಬಿಟ್ ಅಂತ ಹೆಸರು ಬಂತು. ಕಾಲೇಜಿನ ಕನ್ನಡ ಪುಸ್ತಕದಲ್ಲಿ ಡೆಬಿಟ್‌ಗೆ ಖರ್ಚು ಅಂತಲೂ ಕ್ರೆಡಿಟ್‌ಗೆ ಜಮಾ ಅಂತಲೂ ಕಲಿಸುತ್ತಾರೆ. ಅದನ್ನು ಇಲ್ಲಿ ತಂದು ಕೂರಿಸಿದರೆ ಇಡೀ ಪುಸ್ತಕ ತಲೆಕೆಳಗಾಗುತ್ತದೆ. ಇನ್ನು ಪಾಸ್‌ಬುಕ್ಕು ನಿನ್ನ ಪುಸ್ತಕವೇ ಅಲ್ಲ, ಬ್ಯಾಂಕಿನವರ ಪುಸ್ತಕದ ನಕಲು. ನೀನು ಕಟ್ಟಿದ ದುಡ್ಡು ಅವರು ನಿನಗೆ ಕೊಡಬೇಕಾದ ಸಾಲ, ಅದಕ್ಕೇ ಅವರು ಕ್ರೆಡಿಟ್ ಅನ್ನುತ್ತಾರೆ. ಅದೇ ದುಡ್ಡು ಅಪ್ಪಯ್ಯನ ಪೆಟ್ಟಿಗೆಯಿಂದ ಹೋಗಿರುತ್ತದೆ, ಹಾಗಾಗಿ ಇಲ್ಲಿ ಬಲಗಡೆ ಕೂತಿರುತ್ತದೆ.

ಈಗ ಒಂದು ಪುಟವನ್ನೇ ಹಿಡಿದು ಹೇಳುತ್ತೇನೆ. 1984ರ ಜೂನ್ ಮೊದಲ ವಾರ ಅಂತ ಇಟ್ಟುಕೋ. ಲೆಕ್ಕ ಸುಲಭವಾಗಲಿ ಅಂತ ಅಂಕಿ ನಾನೇ ಹಾಕಿದ್ದೇನೆ, ಆದರೆ ಪುಟದ ಚಹರೆ ಹೀಗೇ ಇರುತ್ತದೆ. ಎಡಗಡೆ ಮೊದಲ ಸಾಲು ಶ್ರೀ ಶಿಲ್ಕು, ಅಂದರೆ ಹಿಂದಿನ ಪುಟದಿಂದ ಉಳಿದು ಬಂದ ದುಡ್ಡು, 342.50. ಕೆಳಗೆ ಮಂಡಿಯಿಂದ ಅಡಿಕೆ ಬಾಬ್ತು 1,860, ಬ್ಯಾಂಕಿನಿಂದ ತಂದದ್ದು 500, ಔಷಧ ಹೊಡೆಯುವವನಿಗೆ ಕೊಟ್ಟ ಮುಂಗಡದಲ್ಲಿ ವಾಪಸ್ 40. ಒಟ್ಟು 2,742.50. ಬಲಗಡೆ ಮೈಲುತುತ್ತ, ಸುಣ್ಣ 690, ಔಷಧ ಹೊಡೆದ ಕೂಲಿ 165, ಬಸ್ ಚಾರ್ಜು 7.50, ಬ್ಯಾಂಕಿಗೆ ಕಟ್ಟಿದ್ದು 1,000, ಅಂಗಡಿ ಸಾಮಾನು 215. ಕೊನೆಗೆ ಅಖೈರು ಶಿಲ್ಕು, ಅಂದರೆ ಪುಟದ ಕೊನೆಗೆ ಕೈಯಲ್ಲಿ ಉಳಿದದ್ದು, 665. ಒಟ್ಟು ಅದೇ 2,742.50.

ಇಲ್ಲಿ ಮೊದಲ ಗುಂಡಿ ಇದೆ. ಎಡಗಡೆ ಎರಡನೇ ಸಾಲು, ಬಲಗಡೆ ಎರಡನೇ ಸಾಲು ಅಕ್ಕಪಕ್ಕ ಇದ್ದ ಮಾತ್ರಕ್ಕೆ ಅವೆರಡೂ ಒಂದೇ ವ್ಯವಹಾರ ಅಲ್ಲ. ಎರಡು ಕಡೆಯೂ ತಮ್ಮ ಪಾಡಿಗೆ ಕೆಳಗೆ ಇಳಿದಿರುತ್ತವೆ. ಅಡ್ಡಸಾಲು ಹಿಡಿದು ಟೈಪ್ ಮಾಡುತ್ತಾ ಹೋದರೆ ಅಡಿಕೆ ದುಡ್ಡು, ಕೂಲಿ ಒಂದೇ ಸಾಲಿಗೆ ಬಂದುಬಿಡುತ್ತವೆ. ಅದಕ್ಕೇ ಒಂದು ಪುಟದ ಎಡಗಡೆ ಪೂರ್ತಿ ಮುಗಿಸು, ಆಮೇಲೆ ಬಲಗಡೆ. ಪ್ರತಿ ವ್ಯವಹಾರಕ್ಕೂ ಒಂದು ಸಾಲು. ಕೊನೆಯಲ್ಲಿ ತಾರೀಕಿನ ಪ್ರಕಾರ ಸಾರ್ಟ್ ಮಾಡು. ಅಪ್ಪಯ್ಯ ತಾರೀಕು ಒಂದು ಸಲ ಬರೆದು ಕೆಳಗೆ ಎರಡು ಚುಕ್ಕಿ ಗೀರುತ್ತಿದ್ದರು. ಆ ಚುಕ್ಕಿ ಇದ್ದಲ್ಲೆಲ್ಲ ನೀನು ತಾರೀಕು ತುಂಬಿಸಬೇಕು, ಇಲ್ಲದಿದ್ದರೆ ಸಾರ್ಟ್ ಮಾಡಿದಾಗ ಆ ಸಾಲುಗಳು ಎಲ್ಲಿಗೋ ಹೋಗಿ ಕೂರುತ್ತವೆ.

ಮೈನಸ್ಸನ್ನು ಕೈಯಿಂದ ಹಾಕಬೇಡ. ನಲವತ್ತು ಸಾಲು ಆದ ಮೇಲೆ ಕಣ್ಣು ಸೋಲುತ್ತದೆ, ಎಲ್ಲೋ ಒಂದು ಕಡೆ ಬಿಟ್ಟುಹೋಗುತ್ತದೆ. ಪುಸ್ತಕದಲ್ಲಿ ಇದ್ದ ಹಾಗೇ ಜಮಾ ಒಂದು ಕಾಲಂ, ಖರ್ಚು ಒಂದು ಕಾಲಂ ಇಟ್ಟುಕೋ. ಪುಟ, ತಾರೀಕು, ವಿವರ, ನಗದೋ ಬ್ಯಾಂಕೋ, ಆಮೇಲೆ E ಕಾಲಂ ಜಮಾ, F ಖರ್ಚು. G ಕಾಲಂ ಮೊತ್ತ, H ಓಡುವ ಶಿಲ್ಕು, I ತಪಾಸಣೆ. ಎರಡನೇ ಸಾಲಿನಲ್ಲಿ ಹೀಗೆ:

```
G2: =E2-F2
H2: =G2
I2: =COUNT(E2:F2)
```

ಮೂರನೇ ಸಾಲಿನಿಂದ ಶಿಲ್ಕಿಗೆ ಇದನ್ನು ಹಾಕಿ ಕೆಳಗೆ ಎಳೆ. G ಮತ್ತು I ಸೂತ್ರಗಳನ್ನೂ ಹಾಗೇ ಎಳೆ:

```
H3: =H2+G3
```

ಖಾಲಿ ಬಿಟ್ಟ ಮನೆಯನ್ನು ಎಕ್ಸೆಲ್ ಸೊನ್ನೆ ಅಂತಲೇ ಎಣಿಸುತ್ತದೆ, ಹಾಗಾಗಿ ಏನೂ ಬರೆಯಬೇಡ. ಅಪ್ಪಯ್ಯ ಬರೆದ ಹಾಗೆ 165/- ಅಂತ ಹೊಡೆದರೆ ಅದು ಅಂಕಿ ಅಲ್ಲ, ಅಕ್ಷರ. ಆಗ ಮೊತ್ತದಲ್ಲಿ `#VALUE!` ಅಂತ ಬರುತ್ತದೆ. ಬಂದರೆ ಹೆದರಬೇಡ, ಅದು ಒಳ್ಳೆಯದೇ. ಕೆಲವರು ಈ ಗಲಾಟೆ ಬೇಡ ಅಂತ `=SUM(E2)-SUM(F2)` ಹಾಕುತ್ತಾರೆ. SUM ಅಕ್ಷರವನ್ನು ಸುಮ್ನೆ ಬಿಟ್ಟುಬಿಡುತ್ತದೆ, ಕೂಲಿ 165 ಸದ್ದಿಲ್ಲದೆ ಸೊನ್ನೆ ಆಗುತ್ತದೆ. ಕೂಗುವ ತಪ್ಪು ವಾಸಿ. I ಕಾಲಂನಲ್ಲಿ ಎಲ್ಲ ಸಾಲಿಗೂ 1 ಬರಬೇಕು. 2 ಬಂದರೆ ಎರಡೂ ಕಡೆ ತುಂಬಿದ್ದೀಯ, 0 ಬಂದರೆ ಎರಡೂ ಖಾಲಿ ಅಥವಾ ಅಕ್ಷರ.

ಈಗ ಶಿಲ್ಕಿನ ವಿಷಯ. ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಅಖೈರು ಶಿಲ್ಕು 665 ಬಲಗಡೆ ಇದೆ, ಆದರೆ ಅದು ಖರ್ಚಲ್ಲ. ಎರಡೂ ಕಡೆ ಒಟ್ಟು ಸಮ ಬರಲಿ ಅಂತ ಅಲ್ಲಿ ಕೂರಿಸಿದ್ದು. ಪೆಟ್ಟಿಗೆಯಲ್ಲಿ ಉಳಿದ ದುಡ್ಡು ಅದು. ಅದನ್ನೂ ಮೈನಸ್ ಮಾಡಿದರೆ ಪುಟದ ಮೊತ್ತ ಸೊನ್ನೆ ಬರುತ್ತದೆ. ಪ್ರತಿ ಪುಟವೂ ಸೊನ್ನೆಗೆ ಮುಗಿಯುತ್ತಿದೆ ಅಂದರೆ ಇದೇ ತಪ್ಪು ಅಂತ ತಿಳಿ. ಮುಂದಿನ ಪುಟದ ಶ್ರೀ ಶಿಲ್ಕು 665 ಕೂಡ ಹೊಸದಾಗಿ ಬಂದ ದುಡ್ಡಲ್ಲ. ಅಖೈರು ಬಿಟ್ಟು ಶ್ರೀ ಶಿಲ್ಕು ಮಾತ್ರ ಸೇರಿಸಿದರೆ ಪುಟ ತಿರುಗಿದ ಹಾಗೆಲ್ಲ ದುಡ್ಡು ಉಬ್ಬುತ್ತಾ ಹೋಗುತ್ತದೆ. ಎರಡನ್ನೂ ಸೇರಿಸಿದರೆ ಇನ್ನೂ ಮೋಸ. ಒಂದು ಮೈನಸ್, ಒಂದು ಪ್ಲಸ್, ಒಂದನ್ನೊಂದು ತಿಂದುಕೊಂಡು, ಕೊನೆಯ ಪುಟದ ಅಖೈರು ಹಾಕುವ ಮುಂಚಿನ ಶಿಲ್ಕು ಸರಿಯಾಗೇ ಬರುತ್ತದೆ. ಆದರೆ ಆ ವರ್ಷ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ನೋಡಿದರೆ ಎರಡೂ ಸುಳ್ಳು.

ಹಾಗಾಗಿ ಶ್ರೀ ಶಿಲ್ಕು ಮೊದಲ ಪುಟದಲ್ಲಿ ಒಂದೇ ಒಂದು ಸಲ ಜಮಾ ಕಾಲಂಗೆ. ಆಮೇಲಿನ ಯಾವ ಶಿಲ್ಕೂ, ಯಾವ ಒಟ್ಟೂ ಸಾಲಾಗಿ ಬರಬಾರದು. ಅಪ್ಪಯ್ಯ ಬರೆದ ಅಖೈರು ಶಿಲ್ಕನ್ನು J ಕಾಲಂ ಮಾಡಿ ಪುಟದ ಕೊನೆಯ ಸಾಲಿನ ಪಕ್ಕ ಬರೆದಿಡು, ಲೆಕ್ಕಕ್ಕಲ್ಲ, ತಾಳೆ ನೋಡಲಿಕ್ಕೆ. ನಮ್ಮ ಪುಟದಲ್ಲಿ 342.50, 1,860, 500, 40 ಕೂಡಿ, 690, 165, 7.50, 1,000, 215 ಕಳೆದರೆ 665. H ಕಾಲಂ ಕೂಡ 665 ತೋರಿಸಿತಾ, ಮುಂದಿನ ಪುಟಕ್ಕೆ ಹೋಗು. ತಾಳೆ ಆಗದೆ ಪುಟ ತಿರುಗಿಸಬೇಡ. ಕೊನೆಯಲ್ಲಿ ಒಟ್ಟಿಗೆ ನೋಡೋಣ ಅಂತ ಬಿಟ್ಟರೆ ಹತ್ತು ಪುಟದ ತಪ್ಪು ಒಂದರೊಳಗೊಂದು ಸಿಕ್ಕಿಕೊಳ್ಳುತ್ತದೆ.

ತಾಳೆ ಆಗದಿದ್ದರೆ ವ್ಯತ್ಯಾಸದ ಅಂಕಿಯನ್ನೇ ಕೇಳು, ಅದೇ ಹೇಳುತ್ತದೆ. ಆ ಮುಂಗಡ ವಾಪಸ್ 40 ಇದೆಯಲ್ಲ, ಕೂಲಿಯವನ ಹೆಸರು ನೋಡಿ ಖರ್ಚಿಗೆ ಹಾಕಿಬಿಟ್ಟೆ ಅಂದುಕೋ. ಆಗ ಶಿಲ್ಕು 585 ಬರುತ್ತದೆ. ವ್ಯತ್ಯಾಸ 80. ಬರಬೇಕಾದ 40 ಬರಲಿಲ್ಲ, ಮೇಲಿಂದ 40 ಹೋಯಿತು, ಅದಕ್ಕೇ ಎರಡರಷ್ಟು. ಹಾಗಾಗಿ ಮೊದಲು ವ್ಯತ್ಯಾಸದ ಅರ್ಧ ಮಾಡಿ ಆ ಅಂಕಿ ಪುಟದಲ್ಲಿ ಇದೆಯಾ ಹುಡುಕು. ಇದ್ದರೆ ಕಡೆ ತಪ್ಪಿದೆ. ವ್ಯತ್ಯಾಸವೇ ಪುಟದಲ್ಲಿ ಇದ್ದರೆ ಒಂದು ಸಾಲು ಬಿಟ್ಟಿದ್ದೀಯ ಅಥವಾ ಎರಡು ಸಲ ಹೊಡೆದಿದ್ದೀಯ. ಕೂಲಿ 165 ಬದಲು 156 ಹೊಡೆದರೆ ಶಿಲ್ಕು 674 ಆಗುತ್ತದೆ, ವ್ಯತ್ಯಾಸ 9. ಅಕ್ಕಪಕ್ಕದ ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ.

ಇನ್ನೊಂದು ನಮ್ಮ ಕನ್ನಡ ಅಂಕಿಯದ್ದೇ ಉಪದ್ರ. ಹಳೇ ಪುಸ್ತಕದಲ್ಲಿ ಅಪ್ಪಯ್ಯ ೬ ಮತ್ತು ೯ ಬರೆದರೆ ಬಾಲ ಯಾವ ಕಡೆ ಹೋಗಿದೆ ಅಂತ ಗೊತ್ತಾಗುವುದಿಲ್ಲ. ಮೈಲುತುತ್ತದ ೬೯೦ ನಿನ್ನ ಕಣ್ಣಿಗೆ ೬೬೦ ಆಗಿ ಕಂಡರೆ 30 ವ್ಯತ್ಯಾಸ. ಹಾಗಾಗಿ 3, 30, 300 ಬಂದರೆ ಆ ಪುಟದ ಆರು, ಒಂಬತ್ತುಗಳನ್ನೆಲ್ಲ ಇನ್ನೊಮ್ಮೆ ನೋಡು.

ಒಂದು ಮಿತಿ ಹೇಳಿಬಿಡುತ್ತೇನೆ. ಶಿಲ್ಕು ತಾಳೆ ಆಯಿತು ಅಂದರೆ ಮೊತ್ತ ಸರಿ ಅಂತಷ್ಟೇ. ಕೂಲಿಯನ್ನು ಬಸ್ ಚಾರ್ಜು ಅಂತ ಬರೆದರೆ ಅದು ಹಿಡಿಯುವುದಿಲ್ಲ. ಅಪ್ಪಯ್ಯನೇ ಕೂಡುವಾಗ ತಪ್ಪಿರಲೂಬಹುದು. ನಾನು ಸೊಸೈಟಿಯಲ್ಲಿ ಕಿರ್ದಿ ಬರೆಯಲು ಸೇರಿದ ಹೊಸದರಲ್ಲಿ ಎರಡು ರೂಪಾಯಿಗೆ ರಾತ್ರಿ ಹತ್ತರ ತನಕ ಕೂತಿದ್ದೆ. ಕೊನೆಗೆ ನೋಡಿದರೆ ನನಗಿಂತ ಹಿಂದೆ ಬರೆದವರು ಒಟ್ಟು ಹಾಕುವಾಗಲೇ ತಪ್ಪಿದ್ದರು. ಅಂಥದ್ದು ಸಿಕ್ಕಿದರೆ ಅಪ್ಪಯ್ಯನ ಅಂಕಿ ತಿದ್ದಬೇಡ. ಹೊಸ ಸಾಲು ಮಾಡಿ, ವಿವರದಲ್ಲಿ "ಪುಸ್ತಕದ ಕೂಡಿಕೆ ವ್ಯತ್ಯಾಸ" ಅಂತ ಬರೆದು, ಶಿಲ್ಕು ಅವರದ್ದಕ್ಕೆ ಕೂರುವ ಹಾಗೆ ಆ ವ್ಯತ್ಯಾಸದಷ್ಟು ಹಾಕು.

ಓಡುವ ಶಿಲ್ಕು ಯಾವುದಾದರೂ ದಿನದ ಕೊನೆಯಲ್ಲಿ ಮೈನಸ್ ಆದರೂ ನಿಲ್ಲಿಸು. ಪೆಟ್ಟಿಗೆಯಲ್ಲಿ ಇಲ್ಲದ ದುಡ್ಡು ಕೊಡಲಿಕ್ಕೆ ಆಗುವುದಿಲ್ಲ ಅಲ್ವಾ? ಒಂದೋ ಜಮಾ ಸಾಲೊಂದು ಬಿಟ್ಟಿದೆ, ಇಲ್ಲ ತಾರೀಕು ತಪ್ಪಿದೆ. ದಿನದ ಮಧ್ಯದಲ್ಲಿ ಆದರೆ ತಲೆ ಕೆಡಿಸಿಕೊಳ್ಳಬೇಡ, ಅದು ಸಾಲು ಹಿಂದೆ ಮುಂದೆ ಆದದ್ದು.

ಕೊನೆಗೆ ಬ್ಯಾಂಕಿನ ಸಾಲುಗಳು. 500 ತಂದದ್ದು ಪ್ಲಸ್, 1,000 ಕಟ್ಟಿದ್ದು ಮೈನಸ್, ಪೆಟ್ಟಿಗೆ ಲೆಕ್ಕಕ್ಕೆ ಅಷ್ಟೇ ಸಾಕು. ಆದರೆ 500 ಆದಾಯ ಅಲ್ಲ, 1,000 ಖರ್ಚೂ ಅಲ್ಲ. ಮುಂದೆ ಪಾಸ್‌ಬುಕ್ಕನ್ನೂ ಇದೇ ಶೀಟಿಗೆ ತರುತ್ತೀಯಾದರೆ ಅದೇ 1,000 ಬ್ಯಾಂಕಿನ ಸಾಲಾಗಿ ಇನ್ನೊಮ್ಮೆ ಬರುತ್ತದೆ, ಈ ಸಲ ಪ್ಲಸ್. ಪಾಸ್‌ಬುಕ್‌ನಲ್ಲಿ ಕ್ರೆಡಿಟ್ ಇದ್ದದ್ದು E ಕಾಲಂಗೆ, ಡೆಬಿಟ್ ಇದ್ದದ್ದು F ಕಾಲಂಗೆ. ಪ್ರಿಂಟ್ ಪುಸ್ತಕದ ಡೆಬಿಟ್‌ಗೆ ಸರಿಯಾಗಿ ಉಲ್ಟಾ, ಎಚ್ಚರ. ನಗದು, ಬ್ಯಾಂಕು ಎರಡೂ ಕೂಡಿದರೆ ಆ 1,000 ಸೊನ್ನೆ ಆಗಬೇಕು. ನಾಲ್ಕನೇ ಕಾಲಂನಲ್ಲಿ ನಗದೋ ಬ್ಯಾಂಕೋ ಅಂತ ಬರೆಸಿದ್ದು ಇದಕ್ಕೇ. ಆಗ H ಕಾಲಂ ಶಿಲ್ಕನ್ನು ನಗದಿನ ಸಾಲುಗಳಿಗೆ ಮಾತ್ರ ಲೆಕ್ಕ ಹಾಕಬೇಕು, ಎರಡೂ ಬೆರೆತರೆ ಅಪ್ಪಯ್ಯನ ಅಖೈರು ಶಿಲ್ಕಿಗೆ ತಾಳೆ ಆಗುವುದೇ ಇಲ್ಲ. ಅದಕ್ಕೆ ನನ್ನ ಮಾತು ಕೇಳು, ಬ್ಯಾಂಕಿಗೆ ಬೇರೆ ಶೀಟೇ ಮಾಡು.

ಒದ್ದೆಯಾಗಿ ಮಸಿ ಹರಡಿದ ಪುಟಗಳು ಇವೆಯಲ್ಲ, ಅದರ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ನನಗೇ ಕಳಿಸು. ಅಪ್ಪಯ್ಯನ ಆರು ಯಾವುದು, ಒಂಬತ್ತು ಯಾವುದು ಅಂತ ನಾನು ಹೇಳುತ್ತೇನೆ.