ಅಪ್‌ಡೇಟ್: ಆರ್‌ಎಲ್ ಸರ್ಕ್ಯೂಟ್‌ನ ಫೇಸರ್ ಚಿತ್ರ ಕೊನೆಗೂ ಸರಿಹೋಯಿತು

ನನ್ನ ಪ್ರಶ್ನೆ ಇದಾಗಿತ್ತು: "60 ಓಮ್ ರೆಸಿಸ್ಟರ್, ಕಬ್ಬಿಣದ ಕೋರ್ ಇರುವ ಚೋಕ್, ಎರಡೂ ಸರಣಿಯಲ್ಲಿವೆ. ಸಪ್ಲೈ 50 V, 50 Hz, ಕರೆಂಟ್ 0.5 A. ರೆಸಿಸ್ಟರ್ ಮೇಲೆ 30 V, ಚೋಕ್ ಮೇಲೆ 31.6 V. ಲಂಬಕೋನದಲ್ಲಿ ಕೂಡಿಸಿದರೆ 43.6 V ಮಾತ್ರ ಬರುತ್ತದೆ, ಯಾಕೆ?"

ಮೀಟರ್ ಬದಲಿಸಿ ನೋಡಿ ಎಂಬ ಸಲಹೆ ಫಲ ಕೊಡಲಿಲ್ಲ, ರೀಡಿಂಗ್ ಅವೇ ಬಂದವು. ಕೆಲಸ ಮಾಡಿದ್ದು "ಚೋಕ್ ಶುದ್ಧ ಇಂಡಕ್ಟರ್ ಅಲ್ಲ, ಕೈವಾರ ಹಿಡಿಯಿರಿ" ಎಂದವರ ಮಾತು.

1 ಸೆಂ.ಮೀ.ಗೆ 5 V ಅಳತೆ ಇಟ್ಟುಕೊಂಡೆ. ಸರಣಿಯಲ್ಲಿ ಕರೆಂಟ್ ಒಂದೇ ಆದ್ದರಿಂದ ಅದನ್ನೇ ಅಡ್ಡಗೆರೆಯಾಗಿ ಎಳೆದು, ಅದರ ಮೇಲೆ ರೆಸಿಸ್ಟರ್‌ನ 6 ಸೆಂ.ಮೀ. ಗುರುತಿಸಿದೆ. ಮೂಲಬಿಂದುವಿನಿಂದ ಸಪ್ಲೈನ 10 ಸೆಂ.ಮೀ. ಕಂಸ, 6 ಸೆಂ.ಮೀ. ಗುರುತಿನಿಂದ ಚೋಕ್‌ನ 6.3 ಸೆಂ.ಮೀ. ಕಂಸ. ಇವು ಕೂಡಿದ ಬಿಂದುವಿನಿಂದ ಅಡ್ಡಗೆರೆಗೆ ಲಂಬ ಇಳಿಸಿದರೆ ಅದು 8 ಸೆಂ.ಮೀ. ಹತ್ತಿರ ಬೀಳುತ್ತದೆ, ಎತ್ತರ 6 ಸೆಂ.ಮೀ.

ಆ ಹೆಚ್ಚುವರಿ 2 ಸೆಂ.ಮೀ. ಅಂದರೆ 10 V, ಚೋಕ್‌ನೊಳಗಿನ ರೆಸಿಸ್ಟೆನ್ಸ್‌ನದು: 20 ಓಮ್. ಎತ್ತರದ 30 V ನಿಜವಾದ ಇಂಡಕ್ಟಿವ್ ಭಾಗ: 60 ಓಮ್, ಅಂದರೆ ಸುಮಾರು 0.19 ಹೆನ್ರಿ.

```
Z = √(80² + 60²) = 100 Ω
φ = tan⁻¹(60/80) = 36.9°
```

50 V ಅನ್ನು 0.5 A ಇಂದ ಭಾಗಿಸಿದರೂ 100 ಓಮ್ ಬರುತ್ತದೆ, ತಾಳೆಯಾಯಿತು. ಕರೆಂಟ್ ವೋಲ್ಟೇಜ್‌ಗಿಂತ 36.9° ಹಿಂದೆ. ಚೋಕ್ ಅನ್ನು ಶುದ್ಧ ಇಂಡಕ್ಟರ್ ಎಂದುಕೊಂಡು ಮೊದಲು ನನಗೆ ಬಂದಿದ್ದ 46.5° ತಪ್ಪು.

ಅಚ್ಚರಿಯೆಂದರೆ, ಮಲ್ಟಿಮೀಟರ್‌ನಲ್ಲಿ ಅದೇ ಚೋಕ್ 17 ಓಮ್ ತೋರಿಸಿತು. ಮೀಟರ್ ಅಳೆಯುವುದು ತಂತಿಯ ಡಿಸಿ ರೆಸಿಸ್ಟೆನ್ಸ್ ಮಾತ್ರ. ಎಸಿ ಹರಿದಾಗ ಕೋರ್‌ನಲ್ಲಿ ಆಗುವ ನಷ್ಟವೂ ರೆಸಿಸ್ಟೆನ್ಸ್‌ನಂತೆಯೇ ಸೇರಿಕೊಳ್ಳುತ್ತದೆ. ಹಾಗಾಗಿ ಲೆಕ್ಕಕ್ಕೆ ಚಿತ್ರದಿಂದ ಬಂದ 20 ಓಮ್ ಅನ್ನೇ ಹಿಡಿಯಿರಿ.